ವಿಪಿಎನ್ ಹಾಕಿದಾಗ ಮಾತ್ರ ನಿಧಾನವೇ? ಟಿಸಿಪಿಗೆ ಬದಲಿಸುವ ಮುನ್ನ ಪ್ಯಾಕೆಟ್ ಅಳೆಯಿರಿ

ಈ ದೂರು ಬಂದಾಗ ಮೊದಲು ಬೈಗುಳ ಬೀಳುವುದು ಎನ್‌ಕ್ರಿಪ್ಷನ್ ಮೇಲೆ. ಲೆಕ್ಕ ಹಾಕಿದರೆ ಅದು ಬಹುಪಾಲು ನಿರಪರಾಧಿ. ಓಪನ್‌ವಿಪಿಎನ್ ಯುಡಿಪಿ ಮೇಲೆ, ಎಇಎಸ್-256-ಜಿಸಿಎಂ ಬಳಸಿ ಓಡುವಾಗ ಪ್ರತಿ ಪ್ಯಾಕೆಟ್‌ಗೆ ಸೇರುವುದು 52 ಬೈಟ್: ಹೊರಗಿನ ಐಪಿ ಹೆಡರ್ 20, ಯುಡಿಪಿ 8, ಉಳಿದ 24 ವಿಪಿಎನ್‌ನ ಸ್ವಂತ ಗುರುತು, ಕ್ರಮಸಂಖ್ಯೆ ಮತ್ತು ದೃಢೀಕರಣದ ಟ್ಯಾಗ್. 1500ರಲ್ಲಿ 52 ಎಂದರೆ ನೂರಕ್ಕೆ ಮೂರೂವರೆ. ವೇಗ ಹತ್ತನೇ ಒಂದು ಭಾಗಕ್ಕೆ ಕುಸಿದಿದ್ದರೆ ಈ ಮೂರೂವರೆ ಅದಕ್ಕೆ ಉತ್ತರವಲ್ಲ. ಡೌನ್‌ಲೋಡ್ ನಡೆಯುವಾಗ `top` ತೆರೆದು ನೋಡಿ. openvpn ಪ್ರಕ್ರಿಯೆ ಒಂದು ಕೋರ್ ಅನ್ನು ಪೂರ್ತಿ ನುಂಗುತ್ತಿದ್ದರೆ ಮಾತ್ರ ಎನ್‌ಕ್ರಿಪ್ಷನ್ ಮೇಲೆ ಅನುಮಾನ ಪಡಿ. ಸಣ್ಣ ರೌಟರ್‌ನಲ್ಲೇ ವಿಪಿಎನ್ ಓಡಿಸುವವರಿಗೆ ಇದು ನಿಜವಾದ ತೊಂದರೆ, ಲ್ಯಾಪ್‌ಟಾಪ್‌ನವರಿಗೆ ಅಪರೂಪ.

ಪ್ರೊಸೆಸರ್ ಆರಾಮವಾಗಿದೆ ಎಂದಾದರೆ ದಾರಿಯ ಅಗಲ ಅಳೆಯಬೇಕು. ವಿಪಿಎನ್ ಆಫ್ ಮಾಡಿ, ಸರ್ವರ್‌ನ ಹೊರ ವಿಳಾಸಕ್ಕೆ, ಪ್ಯಾಕೆಟ್ ತುಂಡು ಮಾಡಬೇಡ ಎಂಬ ಸೂಚನೆಯೊಂದಿಗೆ ಪಿಂಗ್ ಕಳಿಸಿ:

```
ping -M do -s 1464 SERVER_IP
ping -M do -s 1465 SERVER_IP
```

ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ `ping -f -l 1464`. ಹೆಡರ್‌ಗಳ 28 ಬೈಟ್ ಸೇರಿಸಿಕೊಳ್ಳಿ. 1464 ದಾಟಿ 1465 ನಿಂತರೆ ಆ ದಾರಿಯ ಎಂಟಿಯು, ಅಂದರೆ ತುಂಡಾಗದೆ ದಾಟಬಲ್ಲ ಅತಿ ದೊಡ್ಡ ಪ್ಯಾಕೆಟ್‌ನ ಅಳತೆ, 1492. ಪಿಪಿಪಿಓಇ ಬಳಸುವ ಬ್ರಾಡ್‌ಬ್ಯಾಂಡ್ ಸಾಲುಗಳಲ್ಲಿ ಸಿಗುವ ಸಂಖ್ಯೆಯೇ ಇದು. ಆ 8 ಬೈಟ್ ಪಿಪಿಪಿಓಇ ತಿಂದದ್ದು.

ಈಗ ಕಾನ್ಫಿಗ್ ಫೈಲ್‌ನಲ್ಲಿ `tun-mtu 1500` ಇದೆ, ಯಾರೋ ಎಲ್ಲಿಂದಲೋ ನಕಲು ಮಾಡಿ `mssfix 0` ಎಂದೂ ಬರೆದಿದ್ದಾರೆ ಎಂದುಕೊಳ್ಳಿ. ಆ ಸೊನ್ನೆ, ಒಳಗಿನ ಟಿಸಿಪಿ ಪ್ಯಾಕೆಟ್‌ಗಳನ್ನು ಚಿಕ್ಕದಾಗಿಡುವ ರಕ್ಷಣೆಯನ್ನೇ ತೆಗೆದುಹಾಕುತ್ತದೆ. ಒಳಗಿಂದ 1500 ಬೈಟ್‌ನ ಪ್ಯಾಕೆಟ್ ಬರುತ್ತದೆ, 52 ಸೇರಿ 1552 ಆಗುತ್ತದೆ. ನಿಮ್ಮ ಯಂತ್ರ ಅದನ್ನು 1500 ಮತ್ತು 72ರ ಎರಡು ತುಂಡು ಮಾಡುತ್ತದೆ. ಮುಂದೆ ರೌಟರ್‌ಗೆ 1500 ಕೂಡ ದೊಡ್ಡದು, ಅದನ್ನು 1492 ಮತ್ತು 28 ಎಂದು ಸೀಳುತ್ತದೆ. ಒಂದು ಪ್ಯಾಕೆಟ್ ಮೂರು ತುಂಡಾಯಿತು. ಯಾವುದೊಂದು ಕಳೆದರೂ ಉಳಿದೆರಡು ಕಸ. ಸಾಲದ್ದಕ್ಕೆ, ಮೊದಲ ತುಂಡು ಬಿಟ್ಟರೆ ಬೇರೆಯವುಗಳಲ್ಲಿ ಪೋರ್ಟ್ ಸಂಖ್ಯೆ ಇರುವುದಿಲ್ಲ, ಹಾಗಾಗಿ ಕೆಲವು ಫೈರ್‌ವಾಲ್‌ಗಳು ಅವನ್ನು ನೇರ ಎಸೆಯುತ್ತವೆ. ಚಿಕ್ಕ ಪಿಂಗ್ ಚೆನ್ನಾಗಿ ಓಡುತ್ತದೆ, ಲಾಗಿನ್ ಆಗುತ್ತದೆ, ದೊಡ್ಡ ಫೈಲ್ ಮಾತ್ರ ತೆವಳುತ್ತದೆ ಎನ್ನುವ ವಿಚಿತ್ರ ಲಕ್ಷಣ ಹುಟ್ಟುವುದು ಇಲ್ಲಿಂದ. ಲಿನಕ್ಸ್ ಸರ್ವರ್‌ನಲ್ಲಿ, ತುಂಡುಗಳನ್ನು ಮತ್ತೆ ಜೋಡಿಸಲಾಗದ ಸಲಗಳ ಈ ಎಣಿಕೆ ಏರುತ್ತಿದೆಯೇ ನೋಡಿ:

```
nstat -az IpReasmFails
```

ಇಲ್ಲೊಂದು ಬಲೆ ಇದೆ. ಬೇಸತ್ತು `proto tcp` ಮಾಡಿದರೆ ತೊಂದರೆ ಮಾಯವಾಗುತ್ತದೆ, ಯುಡಿಪಿಯೇ ಸರಿಯಿಲ್ಲ ಎಂಬ ತೀರ್ಮಾನವೂ ಆಗಿಹೋಗುತ್ತದೆ. ಆದದ್ದು ಇಷ್ಟೇ: ಹೊರಗಿನ ಟಿಸಿಪಿಗೆ ಟನಲ್ ಎಂದರೆ ಬರೀ ಬೈಟ್‌ಗಳ ಹರಿವು, ದಾರಿಗೆ ಹೊಂದುವಂತೆ ಅದೇ ಕತ್ತರಿಸಿ ಕಳಿಸಿಕೊಳ್ಳುತ್ತದೆ. ಕಾಯಿಲೆ ವಾಸಿಯಾಗಲಿಲ್ಲ, ಮುಚ್ಚಿಹೋಯಿತು. ವೈಫೈ ಸ್ವಲ್ಪ ಕೆಟ್ಟ ದಿನ ಬೇರೆ ರೂಪದಲ್ಲಿ ಎದ್ದು ಬರುತ್ತದೆ. ಹೊರಗೆ ಒಂದು ಪ್ಯಾಕೆಟ್ ಕಳೆದರೆ ಅದು ಮತ್ತೆ ಬರುವವರೆಗೆ ಹಿಂದಿರುವುದೆಲ್ಲ ಸಾಲಿನಲ್ಲಿ ಕಾಯಬೇಕು. ಅಷ್ಟರಲ್ಲಿ ಒಳಗಿನ ಟಿಸಿಪಿಯ ತಾಳ್ಮೆ ಮುಗಿದು, ತಲುಪಿಯೇ ತಲುಪಲಿರುವ ಅದೇ ಡೇಟಾವನ್ನು ಮತ್ತೊಮ್ಮೆ ಸಾಲಿಗೆ ತುರುಕುತ್ತದೆ. ಇದನ್ನು ಗುರುತಿಸುವುದು ಸುಲಭ: ಟನಲ್ ಒಳಗಿನ ಪಿಂಗ್‌ನಲ್ಲಿ ನಷ್ಟ ಸೊನ್ನೆ, ಆದರೆ ಸಮಯ ಆಗಾಗ ಸೆಕೆಂಡುಗಟ್ಟಲೆ ಜಿಗಿಯುತ್ತದೆ. ಯುಡಿಪಿ ಪೂರ್ತಿ ಮುಚ್ಚಿರುವ ಜಾಲದಲ್ಲಿ ಟಿಸಿಪಿ ಅನಿವಾರ್ಯ. ಬೇರೆಡೆ ಅದು ಬೇಡ.

ಸರಿಯಾದ ದುರಸ್ತಿ ಚಿಕ್ಕದು. 1492ರಲ್ಲಿ 52 ಕಳೆದರೆ 1440. ಹೊರಗೆ ಐಪಿವಿ6 ಬಂದರೆ ಅದರ ಹೆಡರ್ 20 ಬೈಟ್ ಹೆಚ್ಚು, ಅಂದರೆ 1420. ಇನ್ನೊಂದಿಷ್ಟು ಸಡಿಲ ಬಿಟ್ಟು 1400 ಇಡುವುದು ನಮ್ಮ ರೂಢಿ:

```
proto udp
tun-mtu 1400
```

`mssfix 0` ಸಾಲನ್ನು ಅಳಿಸಿ. ಸರ್ವರ್ ಮತ್ತು ಕ್ಲೈಂಟ್ ಎರಡರಲ್ಲೂ ಒಂದೇ ಸಂಖ್ಯೆ ಇರಲಿ. ಬರೀ mssfix ತಿದ್ದಿ ಸುಮ್ಮನಾಗಬಾರದೇ ಎಂದು ಕೇಳುವವರಿದ್ದಾರೆ. ಅದು ಮುಟ್ಟುವುದು ಟಿಸಿಪಿಯನ್ನು ಮಾತ್ರ. ಟನಲ್ ಒಳಗೆ ಯುಡಿಪಿಯಲ್ಲಿ ಹೋಗುವ ದೊಡ್ಡ ಪ್ಯಾಕೆಟ್‌ಗಳು ಹಾಗೇ ಉಳಿಯುತ್ತವೆ. ಹಾಗೆಂದು ತೀರಾ ಇಳಿಸಲೂ ಬೇಡಿ. ಒಳಗೆ ಐಪಿವಿ6 ಇದ್ದರೆ 1280ಕ್ಕಿಂತ ಕೆಳಗೆ ಅದು ನಡೆಯುವುದಿಲ್ಲ.

ಮತ್ತೆ ಸಂಪರ್ಕಿಸಿದ ಮೇಲೆ ಟನಲ್ ಒಳಗಿನ ವಿಳಾಸಕ್ಕೆ `-M do -s 1372` ಹಾಕಿ ಪಿಂಗ್ ಮಾಡಿ, ಉತ್ತರ ಬರಬೇಕು. 1373 ಕೊಟ್ಟರೆ ಪ್ಯಾಕೆಟ್ ಹೊರಗೆ ಹೋಗುವ ಮೊದಲೇ ನಿಮ್ಮ ಯಂತ್ರ `message too long` ಎಂದು ತಡೆಯಬೇಕು.