ಲಾಗ್‌ನಲ್ಲಿ ಇಲ್ಲದ ಜೂನ್ 4

2024ರ ಅಕ್ಟೋಬರ್ ಪರಿಶೀಲನಾ ಸಭೆಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅಂಧೇರಿಯ ನಮ್ಮ ಡೆಸ್ಕ್‌ನಲ್ಲಿ ಎಂಟು ಜನ. ನಿಫ್ಟಿ ಫ್ಯೂಚರ್ಸ್ ಕೊಳ್ಳುವ, ಮಾರುವ ಪ್ರೋಗ್ರಾಂ ನನ್ನ ಹೊಣೆ. 50 ಲಕ್ಷ ರೂಪಾಯಿ ಬಂಡವಾಳ, ಒಮ್ಮೆಗೆ 300 ಯೂನಿಟ್. ಒಂದು ವರ್ಷ ಓಡಿದ ಮೇಲೆ ಅದರ ಬಂಡವಾಳವನ್ನು ದುಪ್ಪಟ್ಟು ಮಾಡಬೇಕೇ ಬೇಡವೇ ಎಂಬುದು ಅಂದಿನ ವಿಷಯ. ಪ್ರೋಗ್ರಾಂ ತಾನೇ ಬರೆದಿಟ್ಟ ಲಾಗ್‌ನಿಂದ ನಾನು ಎರಡು ಸಂಖ್ಯೆ ತೆಗೆದಿದ್ದೆ: ಏರಿಳಿತಕ್ಕೆ ಹೋಲಿಸಿ ಲಾಭವನ್ನು ಅಳೆಯುವ ಶಾರ್ಪ್ ಅನುಪಾತ 3.16, ಶಿಖರದಿಂದ ಖಾತೆ ಎಷ್ಟು ಕೆಳಗಿಳಿಯಿತು ಎಂದು ಹೇಳುವ ಗರಿಷ್ಠ ಡ್ರಾಡೌನ್ ಶೇ. 3.1. ಪರದೆಯ ಮೇಲೆ ಅವನ್ನು ಸಾಕಷ್ಟು ದೊಡ್ಡ ಅಕ್ಷರದಲ್ಲೇ ಹಾಕಿದ್ದೆ.

ಮೇಲಧಿಕಾರಿ ತಲೆಯಾಡಿಸುತ್ತಿದ್ದರು. ಆಗ ಮೂಲೆಯಲ್ಲಿ ಕುಳಿತಿದ್ದ ಬ್ಯಾಕ್ ಆಫೀಸಿನ ಸುರೇಶಣ್ಣ ಲೆಡ್ಜರ್‌ನ ಪ್ರಿಂಟ್ ತಿರುವಿ ಹಾಕುತ್ತಾ ಕೇಳಿದರು: "ಜೂನ್ 5ರ ಬೆಳಿಗ್ಗೆ ನಾನು ಎಕ್ಸ್‌ಚೇಂಜ್‌ಗೆ ನಾಲ್ಕು ಲಕ್ಷ ಚಿಲ್ಲರೆ ಪೇ-ಇನ್ ಕಟ್ಟಿದ್ದೇನಲ್ಲ ಮಾರಾಯ, ಅದು ನಿನ್ನ ಶೇ. 3.1ರಲ್ಲಿ ಎಲ್ಲಿದೆ?"

ಐವತ್ತು ಲಕ್ಷಕ್ಕೆ ನಾಲ್ಕು ಲಕ್ಷವೆಂದರೆ ಶೇ. 8. ಇಡೀ ವರ್ಷದಲ್ಲಿ ಶೇ. 3.1ಕ್ಕಿಂತ ಆಳಕ್ಕೆ ಇಳಿದೇ ಇಲ್ಲ ಎಂದು ಆಗಷ್ಟೇ ಹೇಳಿ ಮುಗಿಸಿದ್ದೆ. ಲಾಗ್ ತೆರೆದು ಜೂನ್ 4 ಎಂದು ಹುಡುಕಿದೆ. ಒಂದು ಸಾಲೂ ಸಿಗಲಿಲ್ಲ. ಮತ್ತೆ ಹುಡುಕಿದೆ. ಯಾರೂ ಮಾತನಾಡಲಿಲ್ಲ, ಎ.ಸಿ. ಮಾತ್ರ ಗುಂಯ್ ಎನ್ನುತ್ತಿತ್ತು. "ನೋಡಿ ಹೇಳುತ್ತೇನೆ ಸುರೇಶಣ್ಣ" ಎಂದೆ. ಸಭೆ ಅಲ್ಲಿಗೇ ಮುಗಿಯಿತು.

ನನಗೆ ಆ ದಿನ ನೆನಪಿರಲಿಲ್ಲ ಎಂದಲ್ಲ. 2024ರ ಜೂನ್ 4, ಲೋಕಸಭಾ ಚುನಾವಣೆಯ ಫಲಿತಾಂಶದ ದಿನ. ಜೂನ್ 3ರಂದು 23,263.90ಕ್ಕೆ ಮುಗಿದಿದ್ದ ನಿಫ್ಟಿ ಮರುದಿನ 21,884.50ಕ್ಕೆ ಮುಗಿಯಿತು. ನಡುವೆ 21,300ರ ಕೆಳಗೂ ಹೋಗಿತ್ತು. ನಮ್ಮ ಪ್ರೋಗ್ರಾಂ 3ರ ಸಂಜೆ ಕೊಂಡು ಕುಳಿತಿತ್ತು, 7ರಂದು ಮಾರಿತು. ಅಂದು ನಿಫ್ಟಿ ಮುಗಿದದ್ದು 23,290.15ಕ್ಕೆ. ಸುಲಭಕ್ಕಾಗಿ ಸೂಚ್ಯಂಕದ ಅಂಕಗಳನ್ನೇ ಹಿಡಿದರೆ, ಖರ್ಚು ಕಳೆಯುವ ಮುನ್ನ 7,875 ರೂಪಾಯಿ ಲಾಭ. ಆ ಸಂಜೆ ಮಾಟುಂಗಾದಲ್ಲಿ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದವನು ನಾನೇ. ಪಾರಾದೆವು ಎಂಬುದು ಮಾತ್ರ ನನ್ನ ತಲೆಯಲ್ಲಿ ಉಳಿದಿತ್ತು. ಲಾಗ್‌ನಲ್ಲಿಯೂ ಉಳಿದದ್ದು ಅಷ್ಟೇ: ಜೂನ್ 7ರ ಹೆಸರಿನಲ್ಲಿ ಒಂದು ಸಣ್ಣ ಲಾಭದ ಸಾಲು.

ಈ ಪ್ರೋಗ್ರಾಂ ವ್ಯವಹಾರ ಮುಗಿದಾಗ ಮಾತ್ರ ಸಾಲು ಬರೆಯುತ್ತದೆ. ಸೌದೆ ಒಲೆಯಲ್ಲಿರುವಾಗ ಮನೆಗೆ ಬೆಂಕಿ ಹತ್ತಿತ್ತೇ ಎಂದು ಮರುದಿನ ಬೂದಿಯನ್ನು ಕೇಳಿದರೆ ಅದೇನು ಹೇಳೀತು? ಆದರೆ ಫ್ಯೂಚರ್ಸ್‌ನಲ್ಲಿ ಎಕ್ಸ್‌ಚೇಂಜ್ ಪ್ರತಿ ಸಂಜೆ ಅಂದಿನ ಬೆಲೆಗೆ ಲೆಕ್ಕ ಚುಕ್ತಾ ಮಾಡಿ, ಮರುದಿನ ಹಣ ಕೇಳುತ್ತದೆ. ಸುರೇಶಣ್ಣನ ಲೆಡ್ಜರ್‌ಗೆ ಸತ್ಯ ಗೊತ್ತಿದ್ದುದು ಅದಕ್ಕೆ. ಜೂನ್ 3ರ ಸಂಜೆ ನಮ್ಮ ಖಾತೆ 52.60 ಲಕ್ಷದ ಶಿಖರದಲ್ಲಿತ್ತು. ಮರುದಿನ ಸಂಜೆ 1,379.40 ಅಂಕ, 300 ಯೂನಿಟ್, ಅಂದರೆ 4.14 ಲಕ್ಷ ಕೆಳಗೆ. ಡ್ರಾಡೌನ್ ಶೇ. 7.9. ದಿನದ ತಳದ ಬೆಲೆ ಹಿಡಿದರೆ ಶೇ. 11 ದಾಟುತ್ತದೆ.

ಡೊಂಬಿವಲಿಗೆ ಹೋಗುವ ಲೋಕಲ್‌ನಲ್ಲಿ ನಿಂತುಕೊಂಡೇ ಇದಿಷ್ಟು ಹೊಳೆಯಿತು. ಶಾರ್ಪ್ ಆದರೂ ಸರಿಯಾಗಿದೆ ಎಂದು ಠಾಣೆ ತನಕ ಸಮಾಧಾನ ಮಾಡಿಕೊಂಡೆ. ಮನೆಗೆ ಬಂದು ನೋಡಿದರೆ ಅದು ಇನ್ನೂ ಕೆಟ್ಟದಾಗಿತ್ತು.

ನಾನು ಮಾಡಿದ್ದು ಇಷ್ಟು. ವರ್ಷದಲ್ಲಿ 64 ವ್ಯವಹಾರ. ಒಂದೊಂದರ ಸರಾಸರಿ ಲಾಭ 10,000, ಅಂದರೆ ಬಂಡವಾಳದ ಶೇ. 0.2. ಏರಿಳಿತ, ಅಂದರೆ ಪ್ರಮಾಣ ವಿಚಲನೆ, ಶೇ. 1. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 0.2. ವರ್ಷಕ್ಕೆ ಹಿಗ್ಗಿಸಲು ಅದನ್ನು 250ರ ವರ್ಗಮೂಲ 15.81ರಿಂದ ಗುಣಿಸಿ 3.16 ಪಡೆದಿದ್ದೆ. ಆದರೆ 250 ಎಂಬುದು ಮಾರುಕಟ್ಟೆಯ ದಿನಗಳು. ಆ ಗುಣಾಕಾರ ಮಾಡಿದೆನೆಂದರೆ ನಾವು ದಿನಕ್ಕೊಂದರಂತೆ ವರ್ಷಕ್ಕೆ 250 ವ್ಯವಹಾರ ಮಾಡಿದ್ದೇವೆ ಎಂದು ಹೇಳಿದಂತೆ. ನಾವು ಮಾಡಿದ್ದು 64. ಅದರ ವರ್ಗಮೂಲ 8. ಶಾರ್ಪ್ 1.6. ಸುಮ್ಮನೆ ಕುಳಿತ 186 ದಿನಗಳಿಗೆ ಸೊನ್ನೆ ತುಂಬಿ ದಿನದ ಲೆಕ್ಕದಿಂದ ಬಂದರೂ 1.58 ಸಿಗುತ್ತದೆ. ಎರಡು ದಾರಿಯೂ ಒಂದೇ ಊರಿಗೆ ತಲುಪಿದಾಗ ವಾದಿಸಲು ಏನೂ ಉಳಿಯಲಿಲ್ಲ. ನನ್ನ ಕೋಡ್‌ನಲ್ಲಿ ಇರದಿದ್ದುದು ಎರಡನೆಯ ಸಾಲು ಮಾತ್ರ:

```python
pnl = log.groupby("exit_date")["net_pnl"].sum()
pnl = pnl.reindex(trading_days, fill_value=0)
r = pnl / 5_000_000
sharpe = r.mean() / r.std() * 250**0.5
```

ಇದರಲ್ಲಿಯೂ `exit_date` ಕೂತಿದೆಯಲ್ಲ, ಜೂನ್ 4 ಇನ್ನೂ ಕಾಣುವುದಿಲ್ಲ. ಅದೃಷ್ಟಕ್ಕೆ ನಮ್ಮ ಉಳಿದ ವ್ಯವಹಾರಗಳೆಲ್ಲ ಶುರುವಾದ ದಿನವೇ ಮುಗಿದಂಥವು, ಬಿಡಿಸಬೇಕಾದದ್ದು ಇದೊಂದೇ. ಆ ಒಂದು ಸಾಲನ್ನು ಅಳಿಸಿ, ಜೂನ್ 4ರಿಂದ 7ರವರೆಗೆ ನಾಲ್ಕು ದಿನಗಳ ಸಾಲು ಬರೆದೆ: 4.14 ಲಕ್ಷ ನಷ್ಟ, ಆಮೇಲೆ 2.21 ಲಕ್ಷ, 60 ಸಾವಿರ, 1.41 ಲಕ್ಷ ಲಾಭ. ಮೊತ್ತ ಮೊದಲಿನಷ್ಟೇ, ವರ್ಷದ ಗಳಿಕೆಯೂ ಅದೇ ಶೇ. 12.8. ಆದರೆ ವರ್ಷದ ಏರಿಳಿತ ಶೇ. 8.1ರಿಂದ 12.8ಕ್ಕೆ ನೆಗೆಯಿತು. ಶಾರ್ಪ್ 1.0. ಅರವತ್ತನಾಲ್ಕರಲ್ಲಿ ಒಂದೇ ವ್ಯವಹಾರ, ಅದೂ ಲಾಭದ್ದು, ಇಷ್ಟು ಮಾಡಿತು.

(ಶಾರ್ಪ್ ಲೆಕ್ಕದಲ್ಲಿ, ಅಪಾಯವಿಲ್ಲದೆ ಸಿಗುವ ಟ್ರೆಜರಿ ಬಿಲ್‌ನ ಬಡ್ಡಿಯನ್ನು ಲಾಭದಿಂದ ಏಕೆ ಕಳೆದಿಲ್ಲ ಎಂದು ಯಾರಾದರೂ ಕೇಳುತ್ತಾರೆ. ನಮ್ಮ ಬಂಡವಾಳ ಲಿಕ್ವಿಡ್ ಫಂಡ್‌ನಲ್ಲಿದೆ, ಅದನ್ನೇ ಅಡವಿಟ್ಟು ಮಾರ್ಜಿನ್ ಪಡೆಯುತ್ತೇವೆ. ಆ ಆದಾಯ ಈ ಲಾಗ್‌ಗೆ ಸೇರಿಲ್ಲ, ಆದ್ದರಿಂದ ಕಳೆಯುವುದಕ್ಕೂ ಇಲ್ಲ. ಸೇರಿಸಿದ್ದರೆ ಕಳೆಯಲೇಬೇಕಿತ್ತು.)

ಎರಡನೆಯ ಸಭೆಯಲ್ಲಿ 1.0 ಮತ್ತು ಶೇ. 7.9 ಎಂದು ಬರೆದು ತೋರಿಸಿದೆ. "1.0 ಎಂದರೂ ಕೆಟ್ಟದ್ದಲ್ಲವಲ್ಲ?" ಎಂದರು ಮೇಲಧಿಕಾರಿ. ಹೌದು, ಅದು ನಿಜವಾದ 1.0 ಆಗಿದ್ದರೆ. ಒಂದೇ ವರ್ಷದ ದಾಖಲೆಯಿಂದ ತೆಗೆದ ವಾರ್ಷಿಕ ಶಾರ್ಪ್‌ನಲ್ಲಿ ಪ್ರಮಾಣ ದೋಷವೇ, ಅಂದರೆ ಅಂದಾಜಿನ ಅನಿಶ್ಚಿತತೆಯೇ, ಹೆಚ್ಚುಕಡಿಮೆ 1 ಇರುತ್ತದೆ. ವರ್ಷಗಳ ಸಂಖ್ಯೆಯ ವರ್ಗಮೂಲದಂತೆ ಅದು ತಗ್ಗುತ್ತದೆ: ನಾಲ್ಕು ವರ್ಷ ಓಡಿಸಿದರೆ ಅರ್ಧ. ಅಂದರೆ ನಿಜವಾದ ಶಾರ್ಪ್ 2 ಇದ್ದರೂ, ಸೊನ್ನೆಯೇ ಇದ್ದರೂ ನಮಗೆ ಇಂಥದೇ ಲಾಗ್ ಸಿಗಬಹುದಿತ್ತು. ಇದನ್ನು ಹೇಳಿದಾಗ ಅವರು ನನ್ನನ್ನು ನೋಡಿದ ರೀತಿ, ಮೊದಲ ಸಭೆಯ ಮೌನಕ್ಕಿಂತ ಹಿತವಾಗಿರಲಿಲ್ಲ. "ಹಾಗಾದರೆ ಇದು ಕೆಲಸ ಮಾಡುತ್ತದೆಯೋ ಇಲ್ಲವೋ?" ಗೊತ್ತಿಲ್ಲ ಎಂದೆ. ಬಂಡವಾಳ ದುಪ್ಪಟ್ಟಾಗಲಿಲ್ಲ. ದುಪ್ಪಟ್ಟಾಗಿದ್ದು, ಜೂನ್ 4ರಂಥ ಇನ್ನೊಂದು ದಿನವೂ ಬಂದಿದ್ದರೆ, ಸುರೇಶಣ್ಣ ಒಂದೇ ಬೆಳಿಗ್ಗೆ ಎಂಟು ಲಕ್ಷದ ಮೇಲೆ ಹೊಂದಿಸಬೇಕಿತ್ತು.

ಪ್ರತಿ ಸಂಜೆ ತೆರೆದ ವ್ಯವಹಾರದ ಬೆಲೆಯನ್ನೂ ಲಾಗ್ ಬರೆಯಲಿ ಎಂದು ಸಾಫ್ಟ್‌ವೇರ್ ಕೊಟ್ಟವರನ್ನು ಕೇಳಿದೆವು. ಅದು ಬೇರೆ ಮಾಡ್ಯೂಲ್, ಬೇರೆ ಹಣ ಎಂದರು. ಅದಕ್ಕೆ ಮಂಜೂರಾತಿ ಕೊಡಬೇಕಾದವರು ಇನ್ನೂ ಯೋಚಿಸುತ್ತಿದ್ದಾರೆ. ಹಾಗಾಗಿ ಪ್ರತಿ ಶನಿವಾರ ಸುರೇಶಣ್ಣ ಲೆಡ್ಜರ್ ಕಳುಹಿಸುತ್ತಾರೆ, ನಾನು ದಿನದಿನಕ್ಕೂ ಲಾಗ್ ಜೊತೆ ತಾಳೆ ನೋಡುತ್ತೇನೆ. ಮೊದಲ ಶನಿವಾರವೇ 600 ರೂಪಾಯಿ ಹೊಂದಲಿಲ್ಲ. ಆ ವಾರ ನಾಲ್ಕು ಖರೀದಿ, ಒಂದೊಂದೂ 75 ಲಕ್ಷದ ಆಸುಪಾಸು, ಖರೀದಿಯ ಮೇಲಿನ ಸ್ಟ್ಯಾಂಪ್ ಶುಲ್ಕ ಶೇ. 0.002. ನಮ್ಮ `net_pnl` ಅದನ್ನು ಕಳೆಯುತ್ತಲೇ ಇರಲಿಲ್ಲ. ಸುರೇಶಣ್ಣನಿಗೆ ಫೋನ್ ಮಾಡಿ ಹೇಳಿದೆ. "ಅದು ನನಗೆ ಮೊದಲಿನಿಂದಲೂ ಗೊತ್ತು, ನೀನು ಕೇಳಲಿಲ್ಲ" ಎಂದರು.