ಗುಂಪಿಗೆ ಹೆಸರು ಹುಡುಕಾಟ: ಇಲ್ಲಿವರೆಗೆ ಆಗಿದ್ದು

ವಾರಾಂತ್ಯದ ಚಾರಣ ಮತ್ತು ಪ್ರಕೃತಿ ನಡಿಗೆಯ ಗುಂಪಿಗೆ ಹೆಸರಿಡುವ ಕೆಲಸ ಈ ವಾರ ಒಂದು ಹದಕ್ಕೆ ಬಂತು.

ಮೊದಲು ಬಂದ ಹೆಸರುಗಳೆಲ್ಲ ಬೆಟ್ಟದ ತುದಿಯಲ್ಲೇ ನಿಂತಿದ್ದವು: ಶಿಖರ ಪಡೆ, ಬೆಟ್ಟದ ಹುಲಿಗಳು, ಚಾರಣ ವೀರರು. ಕೇಳೋಕೆ ಗತ್ತಾಗಿವೆ. ಆದರೆ ಒಮ್ಮೆಯೂ ಬೆಟ್ಟ ಹತ್ತದ ಕೆಲವರಿಗೆ ಬರೀ ಹೆಸರು ಹೇಳಿ, "ಇವರ ಜೊತೆ ಹೋಗ್ತೀರಾ?" ಅಂತ ಕೇಳಿದೆ. ಇಷ್ಟವಾಯ್ತಾ ಅಂತ ಕೇಳಲಿಲ್ಲ, ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಾರೆ. "ಶೂ ಯಾವುದು ಬೇಕು?", "ನಾನು ಹಿಂದೆ ಬಿದ್ರೆ ಕಾಯ್ತಾರಾ?" ಅನ್ನೋ ಪ್ರಶ್ನೆಗಳೇ ವಾಪಸ್ ಬಂದವು. ಹೆಸರು ಕೇಳಿಯೇ ಹಿಂದೆ ಬೀಳುವ ಭಯ ಶುರುವಾಗಿದೆ ಅಂದಮೇಲೆ ಅವನ್ನು ಕೈಬಿಟ್ಟೆವು.

ಆಮೇಲೆ ಇನ್ನೊಂದು ತುದಿಗೆ ಹೋದೆವು. "ಮೊದಲ ಹೆಜ್ಜೆ" ಅಂದರೆ ನಾಲ್ಕು ಸಲ ಬಂದವರು ಇನ್ನೂ ಯಾಕಿರಬೇಕು? "ನಿಧಾನ ನಡಿಗೆ" ಕೇಳಿದ ಒಬ್ಬರು, ಇದು ಹಿರಿಯರ ಬೆಳಗಿನ ವಾಕಿಂಗಾ ಅಂದರು. ಹೊಸಬರು ಅಂತ ಹಣೆಗೆ ಚೀಟಿ ಅಂಟಿಸಿಕೊಂಡು ಬರೋಕೆ ಯಾರಿಗೂ ಇಷ್ಟವಿಲ್ಲ, ಅಲ್ವಾ?

ಎರಡೂ ಕಡೆಯ ತೊಂದರೆ ಒಂದೇ. ವೀರರು, ಹುಲಿಗಳು, ಮೊದಲ ಹೆಜ್ಜೆಯವರು: ಬರುವವರು ಎಂಥವರು ಅನ್ನೋದನ್ನ ಹೆಸರೇ ತೀರ್ಮಾನಿಸಿಬಿಡುತ್ತೆ. ಹಾಗಾಗಿ ಜನರನ್ನು ಬಿಟ್ಟು ಮಾಡುವ ಕೆಲಸವನ್ನೇ ಹೆಸರಾಗಿಸಿದೆವು: "ನೋಡ್ತಾ ನಡೆಯೋಣ". ಇದರಲ್ಲಿ ಕರೆಯೂ ಇದೆ, ಹಕ್ಕಿ-ಗಿಡ ನೋಡೋಕೆ ನಿಲ್ಲುತ್ತೇವೆ ಅನ್ನೋ ಸುಳಿವೂ ಇದೆ. ಫೋನಿನಲ್ಲಿ ಒಮ್ಮೆ ಹೇಳಿದರೆ ಆ ಕಡೆಯವರು ಸರಿಯಾಗಿ ಬರೆದುಕೊಳ್ತಾರೆ. ಅದನ್ನೂ ಪರೀಕ್ಷೆ ಮಾಡಿದೆ.

ಅನುಭವಿಗಳಲ್ಲಿ ಒಬ್ಬರಿಗೆ ಇದು ಸಪ್ಪೆ ಅನಿಸಿದೆ. ಇರಲಿ. ಕಡಿದಾದ ದಾರಿಗಳಿಗೂ ಇದೇ ಹೆಸರಲ್ಲೇ ಹೋಗುತ್ತೇವೆ. ಎಷ್ಟು ಕಷ್ಟ ಅನ್ನೋದನ್ನ ಪ್ರತಿ ನಡಿಗೆಯ ಹೆಸರಿನ ಕೆಳಗಿನ ಸಾಲು ಹೇಳುತ್ತೆ. "ಸುಲಭ", "ಮಧ್ಯಮ" ಅಂತ ಬರೆಯೋದಿಲ್ಲ. ದಿನಾ ಓಡುವವರಿಗೆ ಸುಲಭವಾದದ್ದು ದಿನವಿಡೀ ಕೂತು ಕೆಲಸ ಮಾಡುವವರಿಗೆ ಸುಲಭ ಅಲ್ಲ.

ಮೊದಲ ನಡಿಗೆಯ ಸಾಲು ಹೀಗಿದೆ: "6 ಕಿ.ಮೀ., 150 ಮೀಟರ್ ಏರು, 3 ಗಂಟೆ. ಕೊನೆಯವರ ಹಿಂದೆ ನಮ್ಮವರೊಬ್ಬರು ಇರ್ತಾರೆ."

3 ಗಂಟೆ ಸುಮ್ನೆ ಹಾಕಿದ್ದಲ್ಲ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಹೇಳಿದ ಲೆಕ್ಕ ಒಂದಿದೆ: 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿಗೆ ಅದು 1 ಗಂಟೆ 27 ನಿಮಿಷ ಆಗುತ್ತೆ. ಆದರೆ ಅದು ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ. ನೋಡ್ತಾ ನಡೆಯುವವರಿಗೆ ದುಪ್ಪಟ್ಟು ಬೇಕು. ಅರ್ಧಕ್ಕರ್ಧ ಸಮಯ ಕೊಟ್ಟು ಎಲ್ಲರನ್ನೂ ಓಡಿಸಿದರೆ, ಹೆಸರು ಎಷ್ಟೇ ಮೆತ್ತಗಿದ್ದರೂ ಹೊಸಬರು ಎರಡನೇ ಸಲ ಬರಲ್ಲ.

ಬೋರ್ಡಿಗೆ ಚಿತ್ರ ಇನ್ನೂ ಬಾಕಿ. ತುದಿಯಲ್ಲಿ ಬಾವುಟ ಹಿಡಿದು ನಿಂತವರ ಚಿತ್ರ ಬೇಡ ಅನ್ನೋದು ಮಾತ್ರ ತೀರ್ಮಾನವಾಗಿದೆ.