ಮಳೆ ಎಣಿಸುವ ಡಬ್ಬಿ, ನಾಲ್ಕನೇ ಕಂತು: ಮಳೆಯೇ ಇಲ್ಲ, ಲೆಕ್ಕ ಮಾತ್ರ 1,143

ಹೋದ ಸಲ ಎಲ್ಲಿಗೆ ಬಂದಿದ್ದೆ ಅಂತ ಮೊದಲು ಹೇಳಿಬಿಡುತ್ತೇನೆ. ಎರಡು ಎಎ ಸೆಲ್, ಅಂದರೆ 3 ವೋಲ್ಟ್. ರೆಗ್ಯುಲೇಟರ್ ಇಲ್ಲ. ಬರಿಯ ATmega328P, ಒಳಗಿನ 8 ಮೆಗಾಹರ್ಟ್ಸ್ ಕ್ಲಾಕ್‌ನಲ್ಲಿ. ಮಳೆ ನೀರಿನ ಬುಟ್ಟಿ ಮಗುಚಿದಾಗ ಆಯಸ್ಕಾಂತ ರೀಡ್ ಸ್ವಿಚ್ ಮುಂದೆ ಹಾದುಹೋಗುತ್ತದೆ. ಆ ಸಿಗ್ನಲ್ 74HC14ರ ಒಂದು ಗೇಟ್ ದಾಟಿ ಮೈಕ್ರೋಕಂಟ್ರೋಲರಿನ PD2 ಪಿನ್ನಿಗೆ ಬರುತ್ತದೆ. ಪಿನ್ ಬದಲಾದರೆ ಚಿಪ್ ಎದ್ದು, ಒಂದು ಎಣಿಸಿ, ಸಂಪರ್ಕದ ಅದುರಾಟ ನಿಲ್ಲಲಿ ಅಂತ 200 ಮಿಲಿಸೆಕೆಂಡ್ ಕಾದು, ಮತ್ತೆ ಪವರ್-ಡೌನ್ ನಿದ್ದೆಗೆ ಹೋಗುತ್ತದೆ. PD3ಗೆ ಒಂದು ಬಟನ್ ಹಾಕಬೇಕು ಅಂತ ಕೋಡ್ ಆಗಲೇ ಬರೆದಿದ್ದೆ. ಬಟನ್ ಇನ್ನೂ ಬೆಸುಗೆ ಹಾಕಿರಲಿಲ್ಲ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ.

ಶನಿವಾರ ಬೆಳಿಗ್ಗೆ

ರಾತ್ರಿ ಬೋರ್ಡನ್ನು ಮೇಜಿನ ಮೇಲೆ ಬಿಟ್ಟು ಮಲಗಿದ್ದೆ. ಬೆಳಿಗ್ಗೆ ಸೀರಿಯಲ್ ತಂತಿ ಸಿಕ್ಕಿಸಿ ಆಯಸ್ಕಾಂತವನ್ನು ಒಮ್ಮೆ ಆಡಿಸಿದೆ. ಪರದೆಯ ಮೇಲೆ 1,144 ಬಂತು. ನಾನು ಆಡಿಸಿದ ಒಂದನ್ನು ಕಳೆದರೂ 1,143. ಮನೆಯೊಳಗೆ ಅಷ್ಟು ಮಳೆ ಬಂದಿರಲಿಲ್ಲ.

ಮೊದಲ ಅನುಮಾನ ರೀಡ್ ಸ್ವಿಚ್ ಮೇಲೆ. ಅದರ ತಂತಿ ಬಿಚ್ಚಿ, ಗೇಟಿನ ಇನ್‌ಪುಟ್‌ನಲ್ಲಿ ಪುಲ್‌ಅಪ್ ಮಾತ್ರ ಉಳಿಸಿ ಕಾದೆ. ಏನೂ ಇಲ್ಲ, ಲೆಕ್ಕ ನಿಂತೇ ಇತ್ತು. ಹಾಗಾದರೆ ಸ್ವಿಚ್ಚೇ ಕೆಟ್ಟಿದೆ ಅಂದುಕೊಂಡು, ಸರಿಯಾಗಿ ನೋಡೋಣ ಅಂತ ಟೇಬಲ್ ಲ್ಯಾಂಪ್ ಹಾಕಿದೆ. ಲೆಕ್ಕ ಓಡಲು ಶುರು! ದೀಪ ಆರಿಸಿದರೆ ನಿಲ್ಲುತ್ತದೆ, ಹಾಕಿದರೆ ಓಡುತ್ತದೆ. ಓಡುವುದೂ ಒಂದೇ ವೇಗದಲ್ಲಿ, ಸೆಕೆಂಡಿಗೆ ಐದು. ಅದು ನನ್ನದೇ 200 ಮಿಲಿಸೆಕೆಂಡಿನ ಗುರುತು. ಅಂದರೆ ಚಿಪ್ ಮಲಗಿದ ಕೂಡಲೇ ಯಾರೋ ಎಬ್ಬಿಸುತ್ತಿದ್ದಾರೆ. 1,143ನ್ನು ಐದರಿಂದ ಭಾಗಿಸಿದರೆ 229 ಸೆಕೆಂಡ್, ನಾಲ್ಕು ನಿಮಿಷಕ್ಕೆ ಸ್ವಲ್ಪ ಕಡಿಮೆ. ರಾತ್ರಿ ಎಲ್ಲ ಎತ್ತಿಟ್ಟು ದೀಪ ಆರಿಸಲು ನನಗೆ ಹಿಡಿದ ಸಮಯ ಅಷ್ಟೇ ಇರಬೇಕು.

ಎಬ್ಬಿಸುತ್ತಿದ್ದದ್ದು ಬಟನ್ ಇಲ್ಲದ ಆ PD3. ಅದರಿಂದ ಒಂದು ಬೆರಳುದ್ದದ ತಂತಿ ಹೊರಟು, ಲ್ಯಾಂಪಿನ ವಯರ್ ಪಕ್ಕದಲ್ಲಿ ಸುಮ್ನೆ ಮಲಗಿತ್ತು. ಇಂಟರಪ್ಟ್ ಫಂಕ್ಷನ್ನಿನಲ್ಲಿ ಯಾವ ಪಿನ್ ಬದಲಾಯಿತು ಅಂತ ನಾನು ನೋಡಿರಲೇ ಇಲ್ಲ. ಯಾವುದು ಬದಲಾದರೂ ಮಳೆ ಅಂತಲೇ ಲೆಕ್ಕ.

ಇಷ್ಟು ಸಣ್ಣ ತಂತಿ ಇಷ್ಟು ಆಟ ಆಡುವುದು ಹೇಗೆ? ಇನ್‌ಪುಟ್ ಪಿನ್ ಅಂದರೆ ಟ್ರಾನ್ಸಿಸ್ಟರಿನ ಗೇಟ್, ಅಂದರೆ ಒಂದು ಪುಟ್ಟ ಕೆಪಾಸಿಟರ್. ಸುಮಾರು 10 ಪಿಕೋಫ್ಯಾರಡ್ ಅಂತ ಇಟ್ಟುಕೊಳ್ಳಿ. ಅದನ್ನು ಸೊನ್ನೆಯಿಂದ 1.5 ವೋಲ್ಟಿಗೆ ಏರಿಸಲು 15 ಪಿಕೋಕೂಲಂಬ್ ಚಾರ್ಜ್ ಸಾಕು. ಒಂದೇ ಒಂದು ನ್ಯಾನೋಆಂಪ್ ಹರಿದರೂ 15 ಮಿಲಿಸೆಕೆಂಡಿನಲ್ಲಿ ಮುಗಿಯಿತು. ಮೇನ್ಸ್ ವಯರಿಗೂ ಈ ತಂತಿಗೂ ನಡುವೆ ಗಾಳಿಯೇ ಕೆಪಾಸಿಟರ್ ಆಗಿ ಅಷ್ಟನ್ನು ಸುಲಭವಾಗಿ ದಾಟಿಸುತ್ತದೆ. ಆ ಚಾರ್ಜನ್ನು ನೆಲಕ್ಕೋ ಸಪ್ಲೈಗೋ ಎಳೆದುಕೊಳ್ಳುವ ರೆಸಿಸ್ಟರ್ ಯಾವುದೂ ಅಲ್ಲಿ ಇರಲಿಲ್ಲ. ಹಾಗಾಗಿ ಪಿನ್ ಮೇನ್ಸಿನ ತಾಳಕ್ಕೆ ಕುಣಿಯುತ್ತಿತ್ತು.

ಪರಿಹಾರ ಎರಡು ಸಾಲು:

```c
DDRD  &= ~(1 << PD3);   // ಇನ್‌ಪುಟ್
PORTD |=  (1 << PD3);   // ಒಳಗಿನ ಪುಲ್‌ಅಪ್
```

ಡಾಟಾಶೀಟ್ ಪ್ರಕಾರ ಒಳಗಿನ ಪುಲ್‌ಅಪ್ 20ರಿಂದ 50 ಕಿಲೋಓಮ್. ನ್ಯಾನೋಆಂಪ್‌ಗಳ ಮುಂದೆ ಅದು ಕಬ್ಬಿಣದ ಸರಪಳಿ. ದೀಪ ಹಾಕಿದೆ, ತಂತಿಯನ್ನು ಲ್ಯಾಂಪ್ ವಯರಿಗೇ ಸುತ್ತಿದೆ. ಲೆಕ್ಕ ಅಲುಗಲಿಲ್ಲ.

ಶನಿವಾರ ರಾತ್ರಿ

ಈಗ ಕರೆಂಟ್. ಬ್ಯಾಟರಿಯ ನೆಗೆಟಿವ್ ಸಾಲಿನಲ್ಲಿ 100 ಓಮ್ ರೆಸಿಸ್ಟರ್ ಹಾಕಿ, ಅದರ ಮೇಲಿನ ಮಿಲಿವೋಲ್ಟ್ ನೋಡುತ್ತೇನೆ. 100 ಮಿಲಿವೋಲ್ಟ್ ಅಂದರೆ 1 ಮಿಲಿಆಂಪ್. ಮೀಟರಿನ ಮೈಕ್ರೋಆಂಪ್ ರೇಂಜ್ ಬಳಸಬಹುದಿತ್ತು. ಆದರೆ ಆ ರೇಂಜಿನಲ್ಲಿ ಮೀಟರಿನ ಒಳಗಿನ ರೆಸಿಸ್ಟರ್ ದೊಡ್ಡದು, ಚಿಪ್ ಎದ್ದಾಗ ವೋಲ್ಟೇಜ್ ಕುಸಿದು ರೀಸೆಟ್ ಆಗಿಬಿಡುತ್ತದೆ. ನನ್ನದೇ ರೆಸಿಸ್ಟರ್ ಆದರೆ ಎಷ್ಟು ಕುಸಿಯುತ್ತದೆ ಅಂತ ಗೊತ್ತಿರುತ್ತದೆ.

ವಾಚ್‌ಡಾಗ್, ಬ್ರೌನ್-ಔಟ್ ಎರಡೂ ಆರಿಸಿದ್ದೇನೆ. ಮಲಗಿದ ಚಿಪ್ 1 ಮೈಕ್ರೋಆಂಪಿಗಿಂತ ಕಡಿಮೆ ತಿನ್ನಬೇಕು. 74HC14 ಕೂಡ 25 ಡಿಗ್ರಿಯಲ್ಲಿ ಹೆಚ್ಚೆಂದರೆ 2 ಮೈಕ್ರೋಆಂಪ್ ಅನ್ನುತ್ತದೆ ಡಾಟಾಶೀಟ್. ಮೀಟರ್ ತೋರಿಸಿದ್ದು 61 ಮಿಲಿವೋಲ್ಟ್, ಅಂದರೆ 610 ಮೈಕ್ರೋಆಂಪ್. ಅದೂ ಒಂದು ಕಡೆ ನಿಲ್ಲುತ್ತಿಲ್ಲ. 74HC14ರ ಹತ್ತಿರ ಬೆರಳು ತಂದರೆ 80, ತೆಗೆದರೆ 55. ಮುಟ್ಟುವುದೂ ಬೇಡ, ಹತ್ತಿರ ತಂದರೆ ಸಾಕು. 2,000 ಮಿಲಿಆಂಪ್-ಅವರ್ ಸೆಲ್ ಈ ಲೆಕ್ಕದಲ್ಲಿ ನಾಲ್ಕೂವರೆ ತಿಂಗಳಿಗೆ ಖಾಲಿ.

ಆ ಐಸಿಯನ್ನೇ ಸಾಕೆಟ್‌ನಿಂದ ಕಿತ್ತರೆ ಉತ್ತರ ಸಿಗುತ್ತದೆ ಅಲ್ವಾ? ಕಿತ್ತೆ. ಕರೆಂಟ್ ಇನ್ನೂ ಜಾಸ್ತಿ ಆಯ್ತು! ಐಸಿ ಕಡಿಮೆಯಾದರೆ ಕರೆಂಟ್ ಹೆಚ್ಚುವುದನ್ನು ನಾನು ಇದೇ ಮೊದಲು ನೋಡಿದ್ದು. ಕಾಫಿ ಕುಡಿದು ಬಂದ ಮೇಲೆ ಹೊಳೆಯಿತು. PD2ನ್ನು ಹಿಡಿದಿಟ್ಟಿದ್ದದ್ದು ಆ ಐಸಿಯ ಔಟ್‌ಪುಟ್. ಐಸಿ ಹೋಯಿತು, PD2 ಗಾಳಿಗೆ ಬಿತ್ತು, ಬೆಳಿಗ್ಗೆಯ ಕಥೆಯೇ ಮತ್ತೆ. PD2ಗೆ 10 ಕಿಲೋಓಮ್ ಹಾಕಿ ನೆಲಕ್ಕೆ ಕಟ್ಟಿದೆ. ಮೀಟರ್ ಸೊನ್ನೆ ತೋರಿಸಿತು. ಅಲ್ಲಿಗೆ 610 ಮೈಕ್ರೋಆಂಪ್ ಪೂರ್ತಿ ಆ ಐಸಿಯದ್ದೇ ಅಂತ ಖಾತ್ರಿಯಾಯಿತು.

ಭಾನುವಾರ

74HC14ರಲ್ಲಿ ಆರು ಗೇಟ್ ಇವೆ. ನಾನು ಬಳಸುವುದು ಒಂದು. ಉಳಿದ ಐದರ ಇನ್‌ಪುಟ್ ಪಿನ್ 3, 5, 9, 11, 13 ಎಲ್ಲಿಗೂ ಸೇರಿಲ್ಲ. ಬಳಸದ ಗೇಟ್ ತಾನೇ, ಇದ್ದರೆ ಇರಲಿ ಅಂದುಕೊಂಡಿದ್ದೆ.

ಸೀಮಾಸ್ ಗೇಟಿನಲ್ಲಿ ಮೇಲೊಂದು ಟ್ರಾನ್ಸಿಸ್ಟರ್ ಸಪ್ಲೈ ಕಡೆಗೆ, ಕೆಳಗೊಂದು ನೆಲದ ಕಡೆಗೆ ಇರುತ್ತದೆ. ಇನ್‌ಪುಟ್ ಪೂರ್ತಿ ಮೇಲಿದ್ದರೆ ಒಂದು ಮುಚ್ಚಿರುತ್ತದೆ, ಪೂರ್ತಿ ಕೆಳಗಿದ್ದರೆ ಇನ್ನೊಂದು. ಎರಡರಲ್ಲಿ ಒಂದು ಯಾವಾಗಲೂ ಮುಚ್ಚಿರುವುದರಿಂದಲೇ ಈ ಜಾತಿಯ ಐಸಿ ಸುಮ್ಮನಿರುವಾಗ ಏನೂ ತಿನ್ನುವುದಿಲ್ಲ. ಇನ್‌ಪುಟ್ 1.5 ವೋಲ್ಟಿನ ಆಸುಪಾಸಿನಲ್ಲಿ ತೇಲಿದರೆ ಎರಡೂ ಅರ್ಧ ತೆರೆದುಕೊಳ್ಳುತ್ತವೆ. ಆಗ ಸಪ್ಲೈಯಿಂದ ನೇರ ನೆಲಕ್ಕೆ ದಾರಿ. ಗೇಟಿನ ಔಟ್‌ಪುಟ್‌ಗೆ ಏನು ಜೋಡಿಸಿದ್ದೀರಿ ಅನ್ನುವುದು ಇಲ್ಲಿ ಲೆಕ್ಕಕ್ಕೇ ಇಲ್ಲ.

ಇದು ಷ್ಮಿಟ್ ಟ್ರಿಗರ್ ಅಲ್ಲವೇ, ತೇಲಿದರೂ ತಡೆದುಕೊಳ್ಳುತ್ತದೆ ಅಂತ ನಾನು ನಂಬಿದ್ದೆ. ತಪ್ಪು. ಷ್ಮಿಟ್ ಮಾಡುವ ಉಪಕಾರ ಔಟ್‌ಪುಟ್ ಪದೇ ಪದೇ ಹಾರದಂತೆ ನೋಡಿಕೊಳ್ಳುವುದು. ಒಳಗಿನ ಎರಡು ಟ್ರಾನ್ಸಿಸ್ಟರ್ ಅರ್ಧ ತೆರೆಯುವುದನ್ನು ಅದು ತಪ್ಪಿಸುವುದಿಲ್ಲ.

ಒಂದೊಂದೇ ಇನ್‌ಪುಟ್ ನೆಲಕ್ಕೆ ಕಟ್ಟುತ್ತಾ ಹೋದೆ. ಪಿನ್ 3 ಕಟ್ಟಿದಾಗ 610ರಿಂದ 480ಕ್ಕೆ ಇಳಿಯಿತು. ಪಿನ್ 5 ಕಟ್ಟಿದರೆ 475, ಅಂದರೆ ಆ ಪಿನ್ ತಾನಾಗೇ ಯಾವುದೋ ಒಂದು ತುದಿಗೆ ಹೋಗಿ ಕೂತಿತ್ತು. ಇಂಥವೇ ಮೋಸ ಮಾಡುವುದು. ಇವತ್ತು ಒಂದು ತುದಿಯಲ್ಲಿ ಇರುತ್ತದೆ, ನಾಳೆ ತೇವ ಬಂದರೆ ನಡುವಿಗೆ ಬರುತ್ತದೆ.

ಮೂರನೆಯದಕ್ಕೆ ಕೈ ತಪ್ಪಿತು. ಎಡಗಡೆಯ ಸಾಲಿನಲ್ಲಿ ಮೇಲಿನಿಂದ ಇನ್‌ಪುಟ್, ಔಟ್‌ಪುಟ್ ಅಂತ ಬರುತ್ತದೆ. ಬಲಗಡೆ ಪಿನ್ 8ರಿಂದ ಎಣಿಸಿದರೆ ಮೊದಲು ಔಟ್‌ಪುಟ್, ಆಮೇಲೆ ಇನ್‌ಪುಟ್. ನಾನು ಅದೇ ಲಯದಲ್ಲಿ ಪಿನ್ 8ನ್ನು ನೆಲಕ್ಕೆ ಕಟ್ಟಿದೆ. ಮೀಟರ್ 1.1 ವೋಲ್ಟ್ ತೋರಿಸಿತು, ಅಂದರೆ 11 ಮಿಲಿಆಂಪ್. ಔಟ್‌ಪುಟ್ ಮೇಲೆ ಎಳೆಯುತ್ತಿದೆ, ನಾನು ನೆಲಕ್ಕೆ ಜಗ್ಗುತ್ತಿದ್ದೇನೆ. 100 ಓಮ್ ನಡುವೆ ಇದ್ದದ್ದಕ್ಕೆ ಬಚಾವ್. ತೆಗೆದು ಪಿನ್ 9ಕ್ಕೆ ಕಟ್ಟಿದೆ: 270. ಪಿನ್ 11 ಆದ ಮೇಲೆ 120. ಪಿನ್ 13 ಕಟ್ಟಿದ ಮೇಲೆ 100 ಓಮ್‌ನಲ್ಲಿ ಓದಲು ಏನೂ ಉಳಿಯಲಿಲ್ಲ.

ರೆಸಿಸ್ಟರ್ ಬದಲಿಸಿ 1 ಕಿಲೋಓಮ್ ಹಾಕಿದೆ. ಈಗ 1 ಮಿಲಿವೋಲ್ಟಿಗೆ 1 ಮೈಕ್ರೋಆಂಪ್. ಚಿಪ್ ಶುರುವಾಗುವಾಗ ಅದನ್ನು ತಂತಿಯಿಂದ ಶಾರ್ಟ್ ಮಾಡಿ, ಮಲಗಿದ ಮೇಲೆ ತಂತಿ ತೆಗೆಯಬೇಕು. ಓದು: 0.6 ಮಿಲಿವೋಲ್ಟ್. ಬೆರಳು ತಂದೆ, ದೀಪ ಹಾಕಿದೆ, 0.6ರಲ್ಲೇ ನಿಂತಿತ್ತು.

ಲಾಜಿಕ್ ಐಸಿಯ ಇನ್‌ಪುಟ್‌ಗಳನ್ನು ನೇರವಾಗಿ ನೆಲಕ್ಕೆ ಕಟ್ಟಬಹುದು, ಅವು ಎಂದೂ ಔಟ್‌ಪುಟ್ ಆಗುವುದಿಲ್ಲ. ಮೈಕ್ರೋಕಂಟ್ರೋಲರ್ ಪಿನ್ನನ್ನು ಮಾತ್ರ ಹಾಗೆ ಕಟ್ಟಬೇಡಿ. ಕೋಡ್‌ನಲ್ಲಿ ಒಂದು ತಪ್ಪು ಸಾಲು ಬಂದರೆ ಅದು ಔಟ್‌ಪುಟ್ ಆಗಿ, ನನ್ನ ಪಿನ್ 8ರ ಗತಿಯೇ.

ಉಳಿದ ಪಿನ್‌ಗಳ ಕಥೆ

ಇಷ್ಟಾದ ಮೇಲೆ ATmegaದ ಬಳಸದ ಪಿನ್‌ಗಳು ನೆನಪಾದವು. ಅವೂ ತೇಲುತ್ತಿವೆಯಲ್ಲ, ಅವು ಯಾಕೆ ತಿನ್ನುತ್ತಿಲ್ಲ? ಎಲ್ಲಕ್ಕೂ ಪುಲ್‌ಅಪ್ ಹಾಕಿ ನೋಡಿದೆ. ಮೊದಲೂ 0.6, ಆಮೇಲೂ 0.6.

ಕಾರಣ ಡಾಟಾಶೀಟಿನ ಐ/ಒ ಪೋರ್ಟ್ ಅಧ್ಯಾಯದಲ್ಲಿದೆ. ಪವರ್-ಡೌನ್‌ಗೆ ಹೋದಾಗ ಈ ಚಿಪ್ ಪ್ರತಿ ಪಿನ್ನಿನ ಷ್ಮಿಟ್ ಟ್ರಿಗರ್ ಇನ್‌ಪುಟ್ಟನ್ನು ತಾನೇ ಒಳಗೆ ನೆಲಕ್ಕೆ ಕಟ್ಟಿಕೊಳ್ಳುತ್ತದೆ. ತೇಲುವ ಪಿನ್ನಿಂದ ಕರೆಂಟ್ ಸೋರಬಾರದು ಅಂತಲೇ ಈ ಏರ್ಪಾಡು. ಇಂಟರಪ್ಟ್‌ಗೆ ಚಾಲೂ ಮಾಡಿದ ಪಿನ್‌ಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ, ಅವು ಎಚ್ಚರ ಇರಬೇಕಲ್ಲ. ನಾನು ಚಾಲೂ ಮಾಡಿದ್ದು PD2, PD3 ಎರಡೇ. ಆ ಎರಡೇ ಕಾಟ ಕೊಟ್ಟಿದ್ದು. ಚಿಪ್ ಎಚ್ಚರ ಇರುವಾಗ ಈ ರಕ್ಷಣೆ ಇಲ್ಲ, ಅದಕ್ಕೆ ಪುಲ್‌ಅಪ್‌ಗಳನ್ನು ತೆಗೆಯದೆ ಬಿಟ್ಟಿದ್ದೇನೆ. ಎಲ್ಲ ಚಿಪ್‌ನಲ್ಲೂ ಹೀಗೇ ಅಂದುಕೊಳ್ಳಬೇಡಿ. STM32ನಲ್ಲಾದರೆ ಬಳಸದ ಪಿನ್ನನ್ನು ಅನಲಾಗ್ ಮೋಡ್‌ಗೆ ಹಾಕುತ್ತಾರೆ, ಆಗ ಅದರ ಷ್ಮಿಟ್ ಟ್ರಿಗರ್ ಆಫ್ ಆಗುತ್ತದೆ.

ಇನ್ನೂ ಬಾಕಿ

ರೀಡ್ ಸ್ವಿಚ್ಚಿನ ಪುಲ್‌ಅಪ್ 10 ಕಿಲೋಓಮ್ ಇತ್ತು. ಕಸ ಸಿಕ್ಕಿ ಬುಟ್ಟಿ ನಡುವೆ ನಿಂತರೆ ಸ್ವಿಚ್ ಮುಚ್ಚಿಕೊಂಡೇ ಇದ್ದು, 300 ಮೈಕ್ರೋಆಂಪ್ ಅಲ್ಲೇ ಹರಿಯುತ್ತದೆ. 1 ಮೆಗಾಓಮ್ ಹಾಕಿದರೆ 3 ಆಗುತ್ತದೆ. ಆದರೆ ಸ್ವಿಚ್ಚಿನವರೆಗೆ ಮೂರು ಮೀಟರ್ ತಂತಿ ಇದೆ, ಅಷ್ಟು ಸಡಿಲ ಹಿಡಿತಕ್ಕೆ ಅದು ಮತ್ತೆ ಅರೆಬರೆ ತೇಲುತ್ತದೆ. ಸದ್ಯಕ್ಕೆ 100 ಕಿಲೋಓಮ್, ಜೊತೆಗೆ ನೆಲಕ್ಕೆ 10 ನ್ಯಾನೋಫ್ಯಾರಡ್. ಸಿಕ್ಕಿಕೊಂಡರೂ 30 ಮೈಕ್ರೋಆಂಪ್. ಈ ವಾರ ಮೂರು ಮೀಟರ್ ತಂತಿಯನ್ನು ಲ್ಯಾಂಪ್ ವಯರಿನ ಜೊತೆಗೇ ಎಳೆದು ಬಿಡುತ್ತೇನೆ. ಲೆಕ್ಕ ಸೊನ್ನೆಯಲ್ಲೇ ಇದ್ದರೆ ಡಬ್ಬಿ ಮಹಡಿಗೆ ಹೋಗುತ್ತದೆ.